ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ಆಡುವ ಮಾತು

ಹತ್ತನೆಯ ತರಗತಿಯ ಪರೀಕ್ಷೆ ನಡೆಯುವ ದಿನಗಳಲ್ಲಿ ಬೆಳಗಿನ ಒಂಬತ್ತು ಗಂಟೆಗೆ ಯಾವುದಾದರೊಂದು ಕೇಂದ್ರದ ಬಾಗಿಲ ಬಳಿ ನಿಂತು ಕಿವಿಗೊಟ್ಟರೆ ಕೃಷ್ಣಾ ಸೀಮೆಯ ಭಾಷೆಗಳೆಲ್ಲ ಒಂದೇ ಕೆಲಸದಲ್ಲಿ ತೊಡಗಿರುವುದು ಕೇಳಿಸುತ್ತದೆ. ಒಬ್ಬರು ‘ಅಂಜಬ್ಯಾಡ’ ಎನ್ನುತ್ತಾರೆ, ಪಕ್ಕದ ಗುಂಪಿನವರು ‘ಏಂ ಕಾದು, ಮಂಚಿಗ ರಾಯಿ’ ಎನ್ನುತ್ತಾರೆ, ಇನ್ನೊಂದೆಡೆ ಯಾರೋ ‘ಫಿಕರ್ ಮತ್ ಕರ್’ ಎಂದು ಬೆನ್ನು ತಟ್ಟುತ್ತಾರೆ. ಈ ಎಲ್ಲದರ ಮೇಲೆ ‘ಆಲ್ ದ ಬೆಸ್ಟ್’ ಎಂಬ ಮಾತು ಧೂಳಿನಂತೆ ಹಾರಾಡುತ್ತಿರುತ್ತದೆ. ಒಂಬತ್ತೂವರೆಗೆ ಪ್ರಶ್ನೆಪತ್ರಿಕೆ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ಯಾರೂ ಯಾರೊಡನೆಯೂ ಮಾತನಾಡುವಂತಿಲ್ಲ. ಹೀಗಾಗಿ ಗೆಳೆಯನೊಬ್ಬನು ಗೆಳೆಯನಿಗೆ ಹೇಳುವ ಕೊನೆಯ ಮಾತು ಬಾಗಿಲ ಹೊರಗೇ ಮುಗಿದಿರಬೇಕು. ಆ ಮಾತಿಗೆ ಸಿಗುವ ಕಾಲ ನಾಲ್ಕಾರು ಕ್ಷಣ, ಅದರ ಉದ್ದ ಮೂರು ನಾಲ್ಕು ಪದ.

ಇಷ್ಟು ಚಿಕ್ಕ ಮಾತಿನಿಂದ ಏನಾದೀತು ಎಂದು ಹಿರಿಯರು ನಗಬಹುದು. ಮೂರು ಗಂಟೆಗಳ ಪರೀಕ್ಷೆಯ ಮೊದಲ ಹತ್ತು ನಿಮಿಷಗಳಲ್ಲಿ ವಿದ್ಯಾರ್ಥಿಯ ಮನಸ್ಸಿನಲ್ಲಿ ನಡೆಯುವುದನ್ನು ಗಮನಿಸಿದರೆ ಆ ಅಭಿಪ್ರಾಯ ಬದಲಾಗಬಹುದು. ಅದೇ ಮಾತು ಕೆಲವು ಸಲ ಕೆಡುಕನ್ನೂ ಮಾಡುತ್ತದೆ. ಈ ಸಂಗತಿ ಮಾತ್ರ ಬಾಗಿಲ ಬಳಿ ನಿಂತ ಯಾರಿಗೂ ಹೊಳೆಯುವುದಿಲ್ಲ.

ಒಂದು ಉದಾಹರಣೆಯನ್ನು ಎದುರಿಗಿಟ್ಟುಕೊಂಡು ನೋಡಬಹುದು. ಕನ್ನಡ ಮಾಧ್ಯಮದ ಇಬ್ಬರು ಗೆಳತಿಯರು ಒಂದೇ ಊರಿನಿಂದ ಒಂದೇ ಆಟೋದಲ್ಲಿ ಕೇಂದ್ರಕ್ಕೆ ಬಂದಿದ್ದಾರೆ ಎನ್ನೋಣ. ಅಂದು ಗಣಿತದ ಪತ್ರಿಕೆ. ಒಬ್ಬಳಿಗೆ ಗಣಿತ ಸಲೀಸು. ಇನ್ನೊಬ್ಬಳಿಗೆ ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರ ಇಂಥ ಕೆಲವು ಪಾಠಗಳು ಬರುತ್ತವೆ, ತ್ರಿಕೋನಮಿತಿ ಎಂದರೆ ಕೈಕಾಲು ತಣ್ಣಗಾಗುತ್ತವೆ. ಆಟೋ ಇಳಿಯುವಾಗ ಎರಡನೆಯವಳು, ‘ಏನೂ ನೆನಪಿಗೆ ಬರವಲ್ದು ಬೇ’ ಎನ್ನುತ್ತಾಳೆ. ಮೊದಲನೆಯವಳು ಆಗ ಏನು ಹೇಳಬೇಕು?

ಸಾಮಾನ್ಯವಾಗಿ ಆಕೆ ಹೇಳುವುದು, ‘ಸುಮ್ನಿರು ಬೇ, ನೀ ಪಾಸಾಗೇ ಆಗ್ತಿ’ ಎಂದು. ಇದರಲ್ಲಿ ಪ್ರೀತಿಯಿದೆ, ಸಂದೇಹವಿಲ್ಲ. ಆದರೆ ಕೇಳಿದವಳ ಕಿವಿಗೆ ಎರಡು ಸಂಗತಿಗಳು ಬೀಳುತ್ತವೆ. ತಾನು ಹೇಳಿದ ಸಂಕಟವನ್ನು ಗೆಳತಿ ಕೇಳಿಸಿಕೊಳ್ಳಲಿಲ್ಲ ಎಂಬುದು ಒಂದು. ತಾನು ಪಾಸಾಗುತ್ತೇನೆಂದು ಗೆಳತಿ ನಂಬಿಕೊಂಡಿದ್ದಾಳೆ, ಆಗದಿದ್ದರೆ ಆಕೆಯ ಮುಂದೆಯೂ ಮುಖ ತೋರಿಸುವಂತಿಲ್ಲ ಎಂಬುದು ಇನ್ನೊಂದು. ಹಗುರಾಗಲೆಂದು ಹೇಳಿದ ಮಾತು ಹೊರೆಯ ಮೇಲೆ ಇನ್ನೊಂದು ಹೊರೆಯಾಯಿತು. ಮನೆಯಲ್ಲಿ ಅಪ್ಪನ ನಂಬಿಕೆ, ಶಾಲೆಯಲ್ಲಿ ಗುರುಗಳ ನಂಬಿಕೆ, ಈಗ ಗೆಳತಿಯ ನಂಬಿಕೆ. ಇವನ್ನೆಲ್ಲ ಹೊತ್ತುಕೊಂಡು ಆಕೆ ಬೆಂಚಿನ ಮೇಲೆ ಕುಳಿತುಕೊಳ್ಳಬೇಕು.

ಇದು ಬರೀ ಊಹೆಯ ಮಾತಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೆನ್ನಿಫರ್ ಬಟ್ಲರ್ ಮತ್ತು ರಾಯ್ ಬೌಮೈಸ್ಟರ್ ಎಂಬವರು 1998ರಲ್ಲಿ ಕೆಲವು ಪ್ರಯೋಗಗಳ ಫಲವನ್ನು ಪ್ರಕಟಿಸಿದರು. ಕಠಿಣವಾದ ಕೆಲಸವೊಂದನ್ನು ತಮ್ಮ ಗೆಲುವನ್ನು ಬಯಸುವವರ ಎದುರಿನಲ್ಲಿ ಮಾಡಿದಾಗ ಜನರು ಹೆಚ್ಚು ಎಚ್ಚರಿಕೆಗೆ ಬಿದ್ದು ನಿಧಾನವಾದರು. ಆ ಎಚ್ಚರಿಕೆಯಿಂದ ತಪ್ಪುಗಳೇನೂ ಕಡಿಮೆಯಾಗಲಿಲ್ಲ. ವಿಚಿತ್ರವೆಂದರೆ ಅವರಿಗೆ ಆಗ ಮನಸ್ಸು ಹೆಚ್ಚು ನಿರಾಳವೆನಿಸಿತ್ತು. ಸ್ನೇಹದ ಮುಖಗಳು ಹಿತವನ್ನು ಕೊಟ್ಟವು, ಆದರೆ ಕೆಲಸವನ್ನು ಸುಧಾರಿಸಲಿಲ್ಲ. ಪರೀಕ್ಷೆಯ ಕೊಠಡಿಯೊಳಗೆ ಗೆಳತಿಯ ಮುಖ ಕಾಣುವುದಿಲ್ಲ ನಿಜ. ಆದರೆ ಆಕೆ ಕಟ್ಟಿಕೊಟ್ಟ ನಿರೀಕ್ಷೆ ಒಳಗೂ ಜೊತೆಗೆ ಬರುತ್ತದೆ.

ಹಾಗಾದರೆ ಮಾತೇ ಬೇಡವೇ? ಬೇಕು. ಯಾವ ಮಾತು ಎಂಬುದನ್ನು ತಿಳಿಯಲು ಹೆದರಿಕೆಯು ಪರೀಕ್ಷೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಪ್ರಶ್ನೆ ಹೀಗಿದೆ ಎನ್ನಿ: 3, 7, 11, 15 ಎಂಬ ಶ್ರೇಢಿಯ ಹತ್ತನೆಯ ಪದ ಯಾವುದು? ಮೊದಲ ಪದ 3, ಸಾಮಾನ್ಯ ವ್ಯತ್ಯಾಸ 4. ಹತ್ತನೆಯ ಪದಕ್ಕೆ ಒಂಬತ್ತು ಹೆಜ್ಜೆ. ಒಂಬತ್ತು ನಾಲ್ಕಲಿ ಮೂವತ್ತಾರು, ಅದಕ್ಕೆ ಮೂರು ಕೂಡಿಸಿದರೆ 39. ಇದರಲ್ಲಿ ಕಷ್ಟವೇನೂ ಇಲ್ಲ. ಆದರೆ ಹತ್ತಲ್ಲ, ಒಂಬತ್ತು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಗುಣಿಸಬೇಕು. ಮೂವತ್ತಾರನ್ನು ಹಿಡಿದುಕೊಂಡೇ ಮೊದಲ ಪದ ಯಾವುದೆಂದು ಹಿಂತಿರುಗಿ ನೋಡಬೇಕು. ಮನಸ್ಸಿನಲ್ಲಿ ಹೀಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಸ್ಥಳ ಬಹಳ ಕಿರಿದು. ಅದು ಅಂಗಡಿಯ ಕಟ್ಟೆಯಂತೆ: ನಾಲ್ಕಾರು ಸಾಮಾನು ಇಟ್ಟರೆ ತುಂಬಿತು. ‘ಅವ್ವ ಏನಂತಾಳ’, ‘ಎಲ್ಲರೂ ಬರೀಲಿಕ್ಕೆ ಹತ್ಯಾರ, ನಾ ಇನ್ನೂ ಸುಮ್ನ ಕೂತೀನಿ’ ಎಂಬ ಯೋಚನೆಗಳೂ ಇದೇ ಕಟ್ಟೆಯ ಮೇಲೆ ಬಂದು ಕೂಡುತ್ತವೆ. ಆಗ ಮೂವತ್ತಾರು ಕೆಳಗೆ ಬೀಳುತ್ತದೆ. ಹುಡುಗಿ ಹತ್ತನ್ನು ನಾಲ್ಕರಿಂದ ಗುಣಿಸಿ 43 ಎಂದು ಬರೆದು ಬರುತ್ತಾಳೆ. ಮನೆಗೆ ಬಂದ ಮೇಲೆ, ‘ಇದು ನನಗ ಬರ್ತಿತ್ತು’ ಎಂದು ಅಳುತ್ತಾಳೆ. ಆಕೆ ಹೇಳುವುದು ಸತ್ಯವೇ. ಆಕೆಗೆ ಅದು ಬರುತ್ತಿತ್ತು.

ಪರೀಕ್ಷೆಯ ಭಯವನ್ನು ಅಧ್ಯಯನ ಮಾಡಿದವರು ಅದರಲ್ಲಿ ಎರಡು ಭಾಗಗಳನ್ನು ಬಹುಕಾಲದಿಂದ ಗುರುತಿಸಿದ್ದಾರೆ. ಎದೆ ಬಡಿದುಕೊಳ್ಳುವುದು, ಅಂಗೈ ಬೆವರುವುದು, ಬಾಯಿ ಒಣಗುವುದು, ಇವು ದೇಹದ ಭಾಗ. ಏನಾಗುವುದೋ ಎಂಬ ಚಿಂತೆ ಮನಸ್ಸಿನ ಭಾಗ. ಅಂಕಗಳನ್ನು ಕಸಿಯುವುದು ಮುಖ್ಯವಾಗಿ ಎರಡನೆಯದು. ದೇಹದ ತಳಮಳವು ಪ್ರಶ್ನೆಪತ್ರಿಕೆ ಬಂದು ಬರವಣಿಗೆ ಆರಂಭವಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಗೆಳತಿಯ ಮಾತು ಎದೆಯ ಬಡಿತವನ್ನು ನಿಲ್ಲಿಸಬೇಕಾಗಿಲ್ಲ. ಕಟ್ಟೆಯ ಮೇಲೆ ಕುಳಿತ ಚಿಂತೆಗಳಲ್ಲಿ ಒಂದೆರಡನ್ನು ಎಬ್ಬಿಸಿ ಕಳುಹಿಸಿದರೆ ಅದರ ಕೆಲಸ ಮುಗಿಯಿತು.

ಇಲ್ಲಿಯೇ ‘ಟೆನ್ಷನ್ ತಗೋಬ್ಯಾಡ, ಶಾಂತವಾಗಿರು’ ಎಂಬ ಮಾತು ಸೋಲುವುದು. ಬಡಿಯುತ್ತಿರುವ ಎದೆಯನ್ನು ಆಜ್ಞೆಯಿಂದ ತಣಿಸಲಾಗದು. ಶಾಂತವಾಗಲು ಯತ್ನಿಸಿ ಆಗದೆಹೋದಾಗ, ‘ನನಗೆ ಶಾಂತವಾಗಿರಲೂ ಬರುವುದಿಲ್ಲ’ ಎಂಬ ಹೊಸದೊಂದು ಚಿಂತೆ ಸೇರಿಕೊಳ್ಳುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಲಿಸನ್ ವುಡ್ ಬ್ರೂಕ್ಸ್ ಎಂಬವರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೊಂದು ಉಪಾಯವನ್ನು ತೋರಿಸಿದವು. ಹಾಡುವುದು, ಭಾಷಣ ಮಾಡುವುದು, ಗಣಿತದ ಲೆಕ್ಕ ಬಿಡಿಸುವುದು ಮುಂತಾದ ಕೆಲಸಗಳಿಗೆ ಮುಂಚೆ ಕೆಲವರಿಗೆ ಶಾಂತರಾಗಿರಿ ಎಂದೂ, ಕೆಲವರಿಗೆ ಉತ್ಸಾಹ ತಂದುಕೊಳ್ಳಿ ಎಂದೂ ತಿಳಿಸಲಾಯಿತು. ಎದೆಬಡಿತವನ್ನು ಉತ್ಸಾಹವೆಂದು ಕರೆದುಕೊಂಡವರು ಹೆಚ್ಚು ಚೆನ್ನಾಗಿ ಮಾಡಿದರು. ಭಯದಲ್ಲಿಯೂ ಉತ್ಸಾಹದಲ್ಲಿಯೂ ದೇಹ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರುತ್ತದೆ. ಆದ್ದರಿಂದ ಒಂದರಿಂದ ಇನ್ನೊಂದಕ್ಕೆ ದಾಟುವುದು, ಭಯದಿಂದ ಶಾಂತಿಗೆ ಇಳಿಯುವುದಕ್ಕಿಂತ ಸುಲಭ. ಅವು ಪ್ರಯೋಗಾಲಯದ ಚಿಕ್ಕ ಪರೀಕ್ಷೆಗಳು, ವರ್ಷಪೂರ್ತಿ ಓದಿದ ಹತ್ತನೆಯ ತರಗತಿಯ ಪರೀಕ್ಷೆಯಲ್ಲ ಎಂಬುದನ್ನು ಮರೆಯಬಾರದು. ಓದದಿದ್ದ ಪಾಠವನ್ನು ಯಾವ ಉತ್ಸಾಹವೂ ತಂದುಕೊಡದು.

ಆದರೆ ಈ ಉಪಾಯಕ್ಕೆ ಈ ಸೀಮೆಯ ಕನ್ನಡದಲ್ಲಿ ಮೊದಲೇ ಒಂದು ಪದವಿದೆ: ಉಮೇದು. ಪಾರಸಿಯ ಮೂಲದಿಂದ ಬಂದ ಈ ಪದಕ್ಕೆ ಅಲ್ಲಿ ಆಸೆ, ಭರವಸೆ ಎಂಬ ಅರ್ಥ. ಕನ್ನಡಕ್ಕೆ ಬರುವಾಗ ಅದು ಹುರುಪನ್ನೂ ತಂದುಕೊಂಡಿತು. ‘ಎದಿ ಡವಡವ ಅನ್ಲಿಕ್ಕೆ ಹತ್ತ್ಯಾದ’ ಎನ್ನುವ ಗೆಳತಿಗೆ, ‘ಅದು ಉಮೇದು ಬೇ, ನಂದೂ ಹಂಗ ಐತಿ’ ಎಂದರೆ ಸಾಕು. ಈ ಮಾತು ಎದೆಬಡಿತವನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಬೇರೊಂದು ಹೆಸರು ಕೊಡುತ್ತದೆ, ಜೊತೆಗೆ ಆಕೆ ಒಬ್ಬಳೇ ಅಲ್ಲವೆಂದು ತಿಳಿಸುತ್ತದೆ. ಎರಡನೆಯ ಭಾಗ ನಿಜವಾಗಿದ್ದರೆ ಮಾತ್ರ ಹೇಳಬೇಕು. ಗಣಿತದಲ್ಲಿ ಮೊದಲಿಗಳಾದವಳು ನಕ್ಕುನಗುತ್ತ ನಿಂತು ‘ನನಗೂ ಹಂಗ’ ಎಂದರೆ ಅದು ಅಣಕದಂತೆ ಕೇಳಿಸೀತು.

ಈಗ ಆ ಹುಡುಗಿ ಆಡಿದ ಮಾತಿಗೆ ಹಿಂತಿರುಗಬಹುದು. ‘ನೆನಪಿಗೆ ಬರವಲ್ದು’ ಎಂದಳು, ‘ಬರಂಗಿಲ್ಲ’ ಎನ್ನಲಿಲ್ಲ. ಇವೆರಡರ ನಡುವಿನ ಅಂತರವನ್ನು ಉತ್ತರದ ಕನ್ನಡ ಆಡುವವರು ವ್ಯಾಕರಣ ಓದದೆಯೇ ಬಲ್ಲರು. ‘ಬರಂಗಿಲ್ಲ’ ಎಂದರೆ ಅದು ಎಂದಿಗೂ ಬಾರದ್ದು, ಕಲಿತೇ ಇಲ್ಲದ್ದು. ‘ಬರವಲ್ದು’ ಎಂಬುದರಲ್ಲಿ ‘ಒಲ್ಲದು’ ಎಂಬ ಪದ ಅಡಗಿದೆ. ಅಂದರೆ ಅದು ಬರಬಲ್ಲದು, ಈ ಗಳಿಗೆಯಲ್ಲಿ ಬರಲು ಒಪ್ಪುತ್ತಿಲ್ಲ. ಹಟ ಹಿಡಿದ ಕರುವಿನ ಬಗೆಗೆ, ಹತ್ತದ ಒಲೆಯ ಬಗೆಗೆ ಆಡುವ ಮಾತು ಅದು. ಹುಡುಗಿ ತನ್ನ ರೋಗವನ್ನು ತಾನೇ ಸರಿಯಾಗಿ ಹೇಳಿಕೊಂಡಿದ್ದಾಳೆ. ಗೆಳತಿಯಾದವಳು ಮೊದಲು ಗಮನಿಸಬೇಕಾದದ್ದು ಈ ಕ್ರಿಯಾಪದವನ್ನು. ‘ಬರವಲ್ದು’ ಎಂದವಳಿಗೆ ಒಂದು ಉತ್ತರ, ‘ಬರಂಗಿಲ್ಲ’ ಎಂದವಳಿಗೆ ಇನ್ನೊಂದು.

‘ಬರವಲ್ದು’ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದದ ಉತ್ತರವುಂಟು: ‘ಬರ್ತದ’. ಕನ್ನಡದ ಕ್ರಿಯಾಪದ ಇಲ್ಲಿ ಒಂದು ಉಪಕಾರ ಮಾಡುತ್ತದೆ. ‘ಬರುತ್ತದೆ’ ಎಂಬುದು ವರ್ತಮಾನವೂ ಹೌದು, ಭವಿಷ್ಯವೂ ಹೌದು. ‘ನಿನಗೆ ಅದು ಗೊತ್ತಿದೆ’ ಎಂಬ ಅರ್ಥವನ್ನೂ, ‘ಸ್ವಲ್ಪ ತಡೆ, ಈಗ ಬರುತ್ತದೆ’ ಎಂಬ ಅರ್ಥವನ್ನೂ ಒಂದೇ ಪದ ಹೊತ್ತಿರುತ್ತದೆ. ಜೊತೆಗೆ ‘ನಿನಗ ಶ್ರೇಢಿ ಬರ್ತದ’ ಎಂದಾಗ ಬರುವ ಕೆಲಸ ಶ್ರೇಢಿಯದು, ಹುಡುಗಿಯದಲ್ಲ. ‘ನೀನು ಸಾಧಿಸುತ್ತೀ’ ಎಂಬಲ್ಲಿ ಭಾರವೆಲ್ಲ ‘ನೀನು’ ಎಂಬುದರ ಹೆಗಲ ಮೇಲಿದೆ. ‘ನಿನಗೆ ಬರುತ್ತದೆ’ ಎಂಬಲ್ಲಿ ಆಕೆ ಬಾಗಿಲು ತೆರೆದಿಟ್ಟರೆ ಸಾಕು. ಇಂಗ್ಲಿಷಿನಿಂದ ಅನುವಾದಗೊಂಡು ಈಚೆಗೆ ಬಳಕೆಗೆ ಬಂದಿರುವ ‘ನೀನು ಮಾಡಬಲ್ಲೆ’ ಎಂಬಂಥ ಮಾತುಗಳು ಗೋಡೆಯ ಮೇಲೆ ಬರೆಯಲು ಚೆನ್ನ, ಕಿವಿಯಲ್ಲಿ ಹೇಳಲು ಅಷ್ಟಾಗಿ ಒಗ್ಗುವುದಿಲ್ಲ.

‘ಏನೂ ಆಗಂಗಿಲ್ಲ’ ಎಂಬ ಮಾತಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತೆಲುಗಿನ ‘ಏಂ ಕಾದು’ ಎಂಬುದರಂತೆ ಇದೂ ಕೆಡುಕೇನೂ ಆಗದು ಎಂಬ ಅಭಯದ ಮಾತು. ಆದರೆ ಕನ್ನಡದಲ್ಲಿ ಇದರ ನೆರೆಯಲ್ಲೇ ‘ನಿನ್ನ ಕೈಲೆ ಏನೂ ಆಗಂಗಿಲ್ಲ’ ಎಂಬ ಮಾತು ಕುಳಿತಿದೆ. ಆ ಮಾತನ್ನು ಮನೆಯಲ್ಲೋ ಶಾಲೆಯಲ್ಲೋ ಹತ್ತು ಸಲ ಕೇಳಿದ ಮಗುವಿಗೆ ಮೊದಲನೆಯದು ಎರಡನೆಯದರ ಧ್ವನಿಯಲ್ಲಿ ಕೇಳಿಸುವ ಸಂಭವವಿದೆ. ಭುಜದ ಮೇಲೆ ಕೈಯಿಟ್ಟು ಹೇಳಿದರೆ ಅರ್ಥ ಕೆಡುವುದಿಲ್ಲ. ಆಟೋದಿಂದ ಕೂಗಿ ಹೇಳಿದರೆ ಕೆಡಬಹುದು.

ಇನ್ನು ‘ಬರ್ತದ’ ಎಂಬ ಒಂದು ಪದಕ್ಕೆ ಬೆಂಬಲವಾಗಿ ಒಂದು ಸಾಕ್ಷ್ಯ ಬೇಕು. ‘ಎಲ್ಲಾ ಬರ್ತದ’ ಎಂದರೆ ಹುಡುಗಿ ನಂಬುವುದಿಲ್ಲ, ಏಕೆಂದರೆ ಎಲ್ಲವೂ ಬರುವುದಿಲ್ಲವೆಂಬುದು ಆಕೆಗೇ ಚೆನ್ನಾಗಿ ಗೊತ್ತು. ಸುಳ್ಳೆಂದು ತಿಳಿದ ಮಾತು ಎಷ್ಟು ಪ್ರೀತಿಯದಾದರೂ ಚಿಂತೆಯನ್ನು ಎಬ್ಬಿಸಲಾರದು. ‘ಶ್ರೇಢಿ ನಿನಗ ಬರ್ತದ. ನಿನ್ನೆ ನೀನ ನನಗ ಹೇಳಿಕೊಟ್ಟಿ’ ಎಂದರೆ ಆಕೆ ಅಲ್ಲಗಳೆಯಲಾರಳು. ಇದು ಹೊಗಳಿಕೆಯಲ್ಲ, ಇಬ್ಬರೂ ಕಣ್ಣಾರೆ ಕಂಡ ಸಂಗತಿ. ಇದಕ್ಕೆ ಇನ್ನೊಂದನ್ನು ಸೇರಿಸಿದರೆ ಮಾತು ಪೂರ್ಣವಾಗುತ್ತದೆ: ‘ಮೊದ್ಲ ಅದನ್ನ ಹುಡಿಕಿ ಬರಿ.’ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ದಿಗಿಲುಗೊಂಡ ಮನಸ್ಸು ಮೊದಲ ಪ್ರಶ್ನೆಯನ್ನೇ ಹಿಡಿದುಕೊಂಡು ನಿಲ್ಲುತ್ತದೆ. ಅದು ತ್ರಿಕೋನಮಿತಿಯದಾಗಿದ್ದರೆ ಅಲ್ಲಿಯೇ ಕಾಲು ಗಂಟೆ ಹೋಗುತ್ತದೆ. ಎಲ್ಲಿಂದ ಆರಂಭಿಸಬೇಕು ಎಂಬ ನಿರ್ಧಾರವನ್ನು ಹೊರಗೇ ಮಾಡಿಕೊಂಡು ಹೋದವಳಿಗೆ ಒಳಗೆ ಆ ಒಂದು ಹೊರೆ ಇಲ್ಲ. ಬಲ್ಲ ಉತ್ತರವೊಂದನ್ನು ಬರೆದು ಮುಗಿಸಿದ ಕೈ ಎರಡನೆಯದಕ್ಕೆ ತಾನಾಗಿ ಹೋಗುತ್ತದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವರ ಪಠ್ಯಪುಸ್ತಕದಲ್ಲಿ ಶ್ರೇಢಿ, ಅಪವರ್ತನ, ವರ್ಗಸಮೀಕರಣ ಎಂದಿದೆ. ಬಾಗಿಲ ಬಳಿ ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮದ ಗೆಳೆಯರು ಅದೇ ಪಾಠವನ್ನು ಬೇರೆ ಹೆಸರಿನಿಂದ ಕರೆಯುತ್ತ ಗಡಿಬಿಡಿಯಿಂದ ಪುಟ ತಿರುವುತ್ತಿರುತ್ತಾರೆ. ಅದನ್ನು ಕೇಳಿದ ಮಗುವಿಗೆ ತಾನು ಓದದ ಪಾಠವೊಂದು ಉಳಿದೇಹೋಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಪಾಠ ಒಂದೇ, ಹೆಸರು ಮಾತ್ರ ಬೇರೆ. ‘ಅವ್ರು ಹೇಳೋದು ನಮ್ಮ ಅಪವರ್ತನನ ಬೇ’ ಎಂದು ಗೆಳತಿ ಪಿಸುಗುಟ್ಟಿದರೆ ಆ ಭ್ರಮೆ ಅಲ್ಲಿಯೇ ಕರಗುತ್ತದೆ. ಈ ಒಂದು ಮಾತನ್ನು ಬೇರೆ ಯಾವ ಗೆಳತಿಯೂ ಹೇಳಲಾರಳು, ಅದೇ ಪುಸ್ತಕವನ್ನು ಓದಿದವಳೇ ಹೇಳಬೇಕು. ಕೇಂದ್ರದೊಳಗೆ ಸೂಚನೆಗಳೆಲ್ಲ ತೆಲುಗಿನಲ್ಲಿ ಬರುವಾಗ, ಹೊರಗೆ ಕಡೆಯದಾಗಿ ಕೇಳಿದ ಮಾತು ಕನ್ನಡದಲ್ಲಿದ್ದರೆ ಅದರ ಬೆಲೆ ಬೇರೆಯೇ.

‘ಬರಂಗಿಲ್ಲ’ ಎಂದವಳಿಗೆ ಏನು ಹೇಳುವುದು? ಆಕೆಗೆ ತ್ರಿಕೋನಮಿತಿ ನಿಜವಾಗಿಯೂ ಬರುವುದಿಲ್ಲ. ‘ಬರ್ತದ’ ಎಂದರೆ ಸುಳ್ಳಾಗುತ್ತದೆ. ಹತ್ತು ನಿಮಿಷದಲ್ಲಿ ಕಲಿಸಲು ಹೊರಟರೆ ಇನ್ನೂ ಕೆಡುತ್ತದೆ, ಏಕೆಂದರೆ ಹೊಸದಾಗಿ ತುರುಕಿದ ಸೂತ್ರವು ಹಳೆಯ ಸೂತ್ರದೊಡನೆ ಬೆರೆತು ಎರಡೂ ಕಲಸಿಹೋಗುತ್ತವೆ. ಇಂಥಲ್ಲಿ ‘ಅದನ್ನ ಬಿಡು, ಉಳಿದದ್ದು ಬರಿ’ ಎಂಬುದೇ ಪ್ರಾಮಾಣಿಕವಾದ ಮಾತು. ತೇರ್ಗಡೆಗೆ ಬೇಕಾದದ್ದು ನೂರಕ್ಕೆ 35. ಒಂದು ಪಾಠವನ್ನು ಪೂರ್ತಿಯಾಗಿ ಕೈಬಿಟ್ಟರೂ ಆ ಸಂಖ್ಯೆ ಕೈಗೆಟುಕದ ದೂರಕ್ಕೆ ಹೋಗುವುದಿಲ್ಲ. ಹಾಗೆ ಬಿಡಲು ಒಬ್ಬರ ಅನುಮತಿ ಸಿಕ್ಕಿದಂತಾದಾಗ ಮಗುವಿನ ಮುಖ ಸಡಿಲಗೊಳ್ಳುವುದನ್ನು ಕಾಣಬಹುದು. ಕನ್ನಡದ ‘ಬಿಡು’ ಎಂಬ ಪದವು ಇಲ್ಲಿ ಎರಡು ಕೆಲಸ ಮಾಡುತ್ತದೆ: ‘ಅದನ್ನ ಬಿಡು’ ಎಂದು ಕೈಬಿಡಿಸುತ್ತದೆ, ‘ಬರೆದುಬಿಡು’ ಎಂದು ಮುಗಿಸಿಸುತ್ತದೆ.

ಪತ್ರಿಕೆಗಳು ಒಂದಲ್ಲ, ಹಲವು. ಹಲವು ದಿನಗಳ ಕಾಲ ನಡೆಯುತ್ತವೆ. ನಡುವೆ ಒಂದು ಪತ್ರಿಕೆ ಕೆಟ್ಟಿತೆಂದರೆ ಉಳಿದವಕ್ಕೆ ಬೇಕಾಗುವ ಮಾತು ಬೇರೆ. ಅಲ್ಲಿ ‘ಅಂಜಬ್ಯಾಡ’ ಎಂಬುದಕ್ಕೆ ಅರ್ಥವಿಲ್ಲ, ಅಂಜಿದ್ದು ಆಗಿಹೋಗಿದೆ. ಅಲ್ಲಿ ಹೇಳಬೇಕಾದದ್ದು ‘ತಾಳು’ ಎಂದು. ತಾಳು ಎಂಬ ಪದದಲ್ಲಿ ಸಹಿಸು ಎಂಬುದೂ ಇದೆ, ಸ್ವಲ್ಪ ನಿಲ್ಲು ಎಂಬುದೂ ಇದೆ. ಎಷ್ಟು ದಿನ ತಾಳಬೇಕು ಎಂಬುದನ್ನೂ ಕೂಡಿಸಿ ಹೇಳಿದರೆ ಅದು ಹಿಡಿಯಲು ಸಿಗುತ್ತದೆ: ‘ಇನ್ನ ಎರಡು ಪೇಪರ್, ಅಷ್ಟ ತಾಳು.’ ಕೊನೆ ಕಾಣುವ ಕಷ್ಟವನ್ನು ಮನುಷ್ಯ ಹೊರಬಲ್ಲ. ಕೃಷ್ಣಾ ನದಿಯ ಸೇತುವೆಯನ್ನು ಬಿಸಿಲಿನಲ್ಲಿ ನಡೆದು ದಾಟುವವರು ಆಚೆಯ ದಡದಲ್ಲಿ ಶಕ್ತಿನಗರದ ಚಿಮಣಿಗಳನ್ನು ನೋಡುತ್ತ ನಡೆಯುವುದು ಇದೇ ಕಾರಣಕ್ಕೆ ಇರಬೇಕು.

ಇದೇ ದಿನಗಳಲ್ಲಿ ಸ್ನೇಹವು ಮಾಡುವ ಇನ್ನೊಂದು ಹಾನಿ ಬಾಗಿಲ ಹೊರಗೆ ಹನ್ನೆರಡೂವರೆಗೆ ನಡೆಯುತ್ತದೆ. ‘ಏಳನೇದ್ದು ಎಷ್ಟು ಬಂತು?’ ಎಂಬ ಪ್ರಶ್ನೆ. ಒಬ್ಬಳು 39 ಎನ್ನುತ್ತಾಳೆ, ಇನ್ನೊಬ್ಬಳು 43 ಎನ್ನುತ್ತಾಳೆ. ಇಬ್ಬರಲ್ಲಿ ಒಬ್ಬಳ ಮಧ್ಯಾಹ್ನದ ಊಟವೂ ಮರುದಿನದ ಓದೂ ಹಾಳಾದವು. ತಿದ್ದಲಾಗದ ಉತ್ತರವನ್ನು ಹೋಲಿಸಿ ನೋಡುವುದರಿಂದ ಯಾರಿಗೂ ಒಂದು ಅಂಕವೂ ಹೆಚ್ಚುವುದಿಲ್ಲ. ಬೆಳಗ್ಗೆ ಹೇಳಿದ ನಾಲ್ಕು ಒಳ್ಳೆಯ ಮಾತುಗಳ ಫಲವನ್ನು ಈ ಒಂದು ಪ್ರಶ್ನೆ ನುಂಗಿಹಾಕಬಲ್ಲದು.

ಮಾತಿಲ್ಲದ ಧೈರ್ಯವೂ ಒಂದುಂಟು. ನಿಯಲ್ ಬೊಲ್ಗರ್ ಮತ್ತು ಅವರ ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸೊಗಸಾಗಿ ತೋರಿಸುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ ವಕೀಲರಾಗಲು ಬರೆಯಬೇಕಾದ ಕಠಿಣ ಪರೀಕ್ಷೆಗೆ ಓದುತ್ತಿದ್ದವರೂ ಅವರ ಸಂಗಾತಿಗಳೂ ಒಂದು ತಿಂಗಳಷ್ಟು ಕಾಲ ಪ್ರತ್ಯೇಕವಾಗಿ ದಿನಚರಿ ಬರೆದರು. ಇಂದು ಸಹಾಯ ಮಾಡಿದೆನೇ ಎಂದು ಒಬ್ಬರು, ಇಂದು ಸಹಾಯ ಸಿಕ್ಕಿತೇ ಎಂದು ಇನ್ನೊಬ್ಬರು. ಸಹಾಯ ಸಿಕ್ಕಿತೆಂದು ಪರೀಕ್ಷಾರ್ಥಿಗಳು ಬರೆದ ದಿನಗಳ ಮಗ್ಗುಲಲ್ಲಿ ಅವರ ಕಳವಳ ಇಳಿಯುವ ಬದಲು ಏರಿತ್ತು. ಸಂಗಾತಿ ಸಹಾಯ ಮಾಡಿದ್ದು ನಿಜ, ಆದರೆ ಪರೀಕ್ಷಾರ್ಥಿ ಅದನ್ನು ಸಹಾಯವೆಂದು ಗಮನಿಸಿರಲಿಲ್ಲ. ಅಂಥ ದಿನಗಳೇ ಹೆಚ್ಚು ಹಿತಕರವಾಗಿದ್ದವು. ಕಾರಣ ಊಹಿಸಲು ಕಷ್ಟವಿಲ್ಲ. ತನಗೆ ಧೈರ್ಯ ಹೇಳಲಾಗುತ್ತಿದೆ ಎಂದು ತಿಳಿದಾಗ ತಾನು ಧೈರ್ಯ ಹೇಳಿಸಿಕೊಳ್ಳಬೇಕಾದ ಸ್ಥಿತಿಯಲ್ಲಿದ್ದೇನೆ ಎಂಬುದೂ ತಿಳಿಯುತ್ತದೆ.

ಅವರು ವಯಸ್ಕರು, ಜೊತೆಯಾಗಿ ಬಾಳುತ್ತಿದ್ದವರು. ಹದಿನೈದರ ಗೆಳತಿಯರ ಲೋಕ ಬೇರೆ. ಆದರೂ ಕೇಂದ್ರದ ಬಾಗಿಲ ಬಳಿ ಕೆಲವು ಮಕ್ಕಳು ಇದನ್ನು ಯಾರೂ ಕಲಿಸದೆಯೇ ಮಾಡುತ್ತಿರುತ್ತಾರೆ. ಗೆಳತಿಯ ಪೆನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ನಿನ್ನೆಯೇ ಕಂಡವಳು ಎರಡು ಪೆನ್ನು ತಂದು, ‘ನನ್ಹತ್ರ ಹೆಚ್ಚಾಗ್ಯಾವ, ಒಂದು ಇಟ್ಕೊ’ ಎನ್ನುತ್ತಾಳೆ. ಇನ್ನೊಬ್ಬಳು ತನ್ನದರೊಡನೆ ಆಕೆಯ ನೀರಿನ ಬಾಟಲಿಯನ್ನೂ ತುಂಬಿಸಿ ತರುತ್ತಾಳೆ. ಹಾಲ್ ಟಿಕೆಟನ್ನು ನೆನಪಿಸಲು, ‘ಹಾಲ್ ಟಿಕೆಟ್ ತಂದೀಯಿಲ್ಲೊ?’ ಎಂದು ಹೆದರಿಸುವ ಬದಲು, ತನ್ನದನ್ನು ತೆಗೆದು ನೋಡಿಕೊಳ್ಳುವ ನೆಪ ಮಾಡುತ್ತಾಳೆ. ಎದುರಿನವಳ ಕೈ ತಾನಾಗಿ ತನ್ನ ಚೀಲಕ್ಕೆ ಹೋಗುತ್ತದೆ. ತಾಯಂದಿರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ತಂದೆಯರು ಬಹುಮಟ್ಟಿಗೆ ಹತ್ತು ನಿಮಿಷದ ಉಪದೇಶದ ಕಡೆಗೇ ಒಲಿಯುತ್ತಾರೆ.

ಎಲ್ಲರಿಗೂ ಒಂದೇ ಮಾತು ಹೊಂದುವುದಿಲ್ಲವೆಂಬುದನ್ನು ಮುಖ ನೋಡಿಯೇ ತಿಳಿಯಬೇಕಾಗುತ್ತದೆ. ಎಡೆಬಿಡದೆ ಮಾತನಾಡುವವಳಿಗೆ ಕೇಳುವ ಕಿವಿ ಬೇಕು. ಆಕೆಗೆ ಧೈರ್ಯ ಹೇಳಲು ಹೊರಟರೆ ಮಾತಿಗೆ ಅಡ್ಡ ಬಂದಂತಾಗುತ್ತದೆ. ಪುಸ್ತಕ ಮುಚ್ಚಿ ಸುಮ್ಮನೆ ನಿಂತವನು ಮನಸ್ಸಿನಲ್ಲೇ ಸೂತ್ರಗಳನ್ನು ಹೇಳಿಕೊಳ್ಳುತ್ತಿರಬಹುದು. ಅವನ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದೇ ಉಪಕಾರ. ಹೇಳಿದ ಮಾತು ತಲುಪಿತೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ತಲುಪಿದ್ದರೆ ಕೇಳಿದವಳು ಒಂದು ಉಸಿರು ಬಿಡುತ್ತಾಳೆ, ಇಲ್ಲವೆ ‘ಹೂಂ’ ಎಂದು ಆ ಮಾತಿಗೆ ತಾನೂ ಒಂದನ್ನು ಸೇರಿಸುತ್ತಾಳೆ. ‘ಹೌದು ಹೌದು’ ಎನ್ನುತ್ತ ಕಣ್ಣು ಬೇರೆಡೆ ತಿರುಗಿಸಿದರೆ ತಲುಪಲಿಲ್ಲವೆಂದೇ ತಿಳಿಯಬೇಕು. ಅದನ್ನೇ ಇನ್ನೂ ಗಟ್ಟಿಯಾಗಿ ಹೇಳಿ ಪ್ರಯೋಜನವಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಗೆಳತಿಯ ನಾಲ್ಕು ಪದಗಳನ್ನು ನಂಬಿ ಕೂರುವಂತಿಲ್ಲ. ‘ಫೇಲ್ ಆದ್ರ ನಾ ಇರಂಗಿಲ್ಲ’ ಎಂಬಂಥ ಮಾತು ಬಂದರೆ, ನಗುತ್ತ ಹೇಳಿದ್ದರೂ, ಅದು ಪರೀಕ್ಷೆಯ ಭಯದ ಮಾತಷ್ಟೇ ಎಂದು ಬಿಡಬಾರದು. 2019ರಲ್ಲಿ ಇಂಟರ್ಮೀಡಿಯೆಟ್ ಫಲಿತಾಂಶ ಬಂದ ಮೇಲೆ ತೆಲಂಗಾಣದಲ್ಲಿ ಹಲವು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡದ್ದು ಇನ್ನೂ ಜನರ ಮನಸ್ಸಿನಲ್ಲಿದೆ. ಅಂಥ ಮಾತು ಕೇಳಿದ ಗೆಳತಿ ಅದನ್ನು ಗುಟ್ಟಾಗಿಡಲು ಆಣೆ ಹಾಕಿಸಿಕೊಂಡಿದ್ದರೂ ಅಂದೇ ಒಬ್ಬ ಹಿರಿಯರಿಗೆ, ಆಕೆಯ ಅವ್ವನಿಗೋ ಗುರುಗಳಿಗೋ, ತಿಳಿಸಬೇಕು. ತಿಳಿಸುವವರೆಗೆ ಆಕೆಯನ್ನು ಒಂಟಿಯಾಗಿ ಬಿಡಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ 2022ರ ಅಕ್ಟೋಬರಿನಿಂದ ನಡೆಯುತ್ತಿದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಕರೆಮಾಡಬಹುದು, ಹಣ ಬೀಳುವುದಿಲ್ಲ, ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಮಾತನಾಡುವವರು ಇರುತ್ತಾರೆ. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರಿಗೆ ಅದೇ ವರ್ಷ ಪೂರಕ ಪರೀಕ್ಷೆ ನಡೆಯುತ್ತದೆ, ವರ್ಷ ನಷ್ಟವಾಗದೆ ಮುಂದೆ ಓದುವ ದಾರಿಯಿದೆ ಎಂಬುದನ್ನು ಫಲಿತಾಂಶದ ದಿನವಲ್ಲ, ಪರೀಕ್ಷೆಗೆ ಬಹಳ ಮುಂಚೆಯೇ ಮನೆಯಲ್ಲಿ ಮಾತಿನ ನಡುವೆ ಒಮ್ಮೆ ಹೇಳಿಟ್ಟಿರುವುದು ಲೇಸು. ಬಾಗಿಲ ಬಳಿ ಅದನ್ನು ಹೇಳಿದರೆ ‘ನೀನು ಫೇಲಾಗುತ್ತೀ’ ಎಂದಂತೆ ಕೇಳಿಸುತ್ತದೆ.

ಆ ಇಬ್ಬರು ಗೆಳತಿಯರು ಇನ್ನೂ ಬಾಗಿಲಲ್ಲೇ ನಿಂತಿದ್ದಾರೆ. ಒಳಗೆ ಹೋಗಲು ಕರೆ ಬಂದಿದೆ. ‘ನೆನಪಿಗೆ ಬರವಲ್ದು’ ಎಂದವಳಿಗೆ ಮೊದಲನೆಯವಳು ಹೇಳುತ್ತಾಳೆ: ‘ಬರ್ತದ. ಶ್ರೇಢಿ ನಿನ್ನೆ ನೀನ ನನಗ ಹೇಳಿಕೊಟ್ಟಿ. ಮೊದ್ಲ ಅದನ್ನ ಬರಿ, ಹಗುರಕ ಬರಿ. ಮುಗದ ಮ್ಯಾಲ ಇದ ಬೇವಿನ ಗಿಡದ ಬುಡಕ ಇರ್ತೀನಿ, ಕೂಡಿ ಹೋಗೋಣು.’ ಹೇಳಿ ಮುಗಿಸಲು ಹತ್ತು ಸೆಕೆಂಡು ಹಿಡಿದಿರಬಹುದು. ಪರೀಕ್ಷೆ ಹೇಗಾದರೂ ಆಗಲಿ, ಹನ್ನೆರಡೂವರೆಗೆ ಒಬ್ಬರು ಕಾಯುತ್ತಿರುತ್ತಾರೆ. ಎರಡನೆಯವಳು ‘ಹೂಂ’ ಎಂದು, ಪೆನ್ನಿನ ಮುಚ್ಚಳ ತೆಗೆದು ಅಂಗೈಯ ಮೇಲೆ ಒಂದು ಗೆರೆ ಎಳೆದು ಪರೀಕ್ಷಿಸಿ ನೋಡಿ, ತನ್ನ ಸಂಖ್ಯೆ ಬರೆದ ಕೊಠಡಿಯನ್ನು ಹುಡುಕಿಕೊಂಡು ಹೋಗುತ್ತಾಳೆ.